ಕಾಯುವುದನ್ನು ಎಲ್ಲಿ ಕಡಿಮೆ ಮಾಡಬೇಕು? – ಕನ್ನಡದ ಧ್ವನಿ ಸಹಾಯಕವನ್ನು ಜೋಡಿಸಿದ ಎರಡು ಪಾಠಗಳ ಅನುಭವ

ಈ ಬಾರಿಯ ಬೋಧನಾಭ್ಯಾಸದಲ್ಲಿ ನನಗೆ ಸಿಕ್ಕಿದ್ದು ಯಶವಂತಪುರದ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ, ಗಣಕ ವಿಜ್ಞಾನ. ವಿಷಯವನ್ನು ನಾನೇ ಆರಿಸಿಕೊಂಡೆ: ಮಾತನಾಡಿದರೆ ಮಾತಿನಲ್ಲೇ ಉತ್ತರ ಕೊಡುವ ಯಂತ್ರ ಒಳಗೆ ಹೇಗೆ ಕೆಲಸ ಮಾಡುತ್ತದೆ, ಮತ್ತು ಅದರ ಉತ್ತರ ತಡವಾಗುವುದೇಕೆ. ಎರಡು ಅವಧಿಗಳಲ್ಲಿ ಪಾಠ ಮುಗಿಯಿತು. ಮೊದಲ ಅವಧಿಯಲ್ಲಿ ನಾನು ಮಾಡಿದ ಒಂದು ತಪ್ಪು ಎರಡನೇ ಅವಧಿಯ ಪಾಠವಾಯಿತು. ಮುಂದೆ ಈ ಪಾಠವನ್ನು ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಅದು ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಪೂರ್ವಸಿದ್ಧತೆ

ಬೋಧನೋಪಕರಣ ಎಂದರೆ ನನ್ನ ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಮೈಕ್, ಒಂದು ಸಣ್ಣ ಸ್ಪೀಕರ್. ಶಾಲೆಯಲ್ಲಿ ಇಂಟರ್‌ನೆಟ್ ನಂಬುವಂತಿರಲಿಲ್ಲ. ಮಕ್ಕಳ ಧ್ವನಿ ಹೊರಗಿನ ಯಾವ ಸರ್ವರ್‌ಗೂ ಹೋಗಬಾರದು ಎಂಬುದೂ ನನ್ನ ಮನಸ್ಸಿನಲ್ಲಿತ್ತು. ಆದ್ದರಿಂದ ಎಲ್ಲ ಭಾಗಗಳನ್ನೂ ಲ್ಯಾಪ್‌ಟಾಪಿನಲ್ಲೇ ನಡೆಯುವಂತೆ ಜೋಡಿಸಿಕೊಂಡೆ. ಭಾಗಗಳು ನಾಲ್ಕು.

ಮೊದಲನೆಯದು ಎಚ್ಚರದ ಪದವನ್ನು ಕಾಯುವ ಸಣ್ಣ ಮಾದರಿ. ಇದು ಸದಾ ಕಿವಿ ತೆರೆದಿರುತ್ತದೆ, ಆದರೆ ಒಂದೇ ಒಂದು ಪದಗುಚ್ಛವನ್ನು ಗುರುತಿಸುವುದು ಬಿಟ್ಟರೆ ಇನ್ನೇನೂ ಗೊತ್ತಿಲ್ಲ. ನಾನು ಬಳಸಿದ್ದು ಓಪನ್‌ವೇಕ್‌ವರ್ಡ್ ಎಂಬ ಮುಕ್ತ ತಂತ್ರಾಂಶ. ಅದರ ಜೊತೆಗೇ ಬರುವ ‘ಹೇ ಜಾರ್ವಿಸ್’ ಎಂಬ ಕರೆಯನ್ನೇ ಇಟ್ಟುಕೊಂಡೆ. ಅದು ಧ್ವನಿಯನ್ನು 80 ಮಿಲಿಸೆಕೆಂಡಿನ ತುಣುಕುಗಳಾಗಿ ನೋಡುತ್ತಾ ಹೋಗುತ್ತದೆ.

ಎರಡನೆಯದು ಮಾತನ್ನು ಬರಹಕ್ಕಿಳಿಸುವ ಮಾದರಿ. ಹೆಸರಾಂತ ವಿಸ್ಪರ್ ಮಾದರಿಗೆ ಕನ್ನಡ ಬರುತ್ತದೆ. ಆದರೆ ಅದು ಎಷ್ಟೇ ಚಿಕ್ಕ ಧ್ವನಿಯನ್ನು ಕೊಟ್ಟರೂ ಅದಕ್ಕೆ ಮೌನ ಸೇರಿಸಿ 30 ಸೆಕೆಂಡಿನಷ್ಟು ಉದ್ದ ಮಾಡಿಕೊಂಡೇ ಕೆಲಸ ಶುರುಮಾಡುತ್ತದೆ. ಎರಡು ಸೆಕೆಂಡಿನ ಪ್ರಶ್ನೆಗೆ ಅದು ದುಬಾರಿ. ಹಾಗಾಗಿ ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ ಇಂಡಿಕ್‌ಕನ್‌ಫಾರ್ಮರ್ ಮಾದರಿಯನ್ನು ತೆಗೆದುಕೊಂಡೆ.

ಮೂರನೆಯದು ಉತ್ತರವನ್ನು ರಚಿಸುವ ಭಾಷಾ ಮಾದರಿ. ಓಲಾಮಾ ತಂತ್ರಾಂಶದ ಮೂಲಕ `gemma3:4b` ಎಂಬ ಚಿಕ್ಕ ಮಾದರಿಯನ್ನು ಓಡಿಸಿದೆ. ನಾಲ್ಕನೆಯದು ಉತ್ತರವನ್ನು ಓದಿ ಹೇಳುವ ಮಾದರಿ. ಅದಕ್ಕೆ ಮೆಟಾ ಸಂಸ್ಥೆ ಬಿಡುಗಡೆ ಮಾಡಿರುವ `facebook/mms-tts-kan`.

ಪ್ರಶ್ನೆಗಳನ್ನು ಊರಿನ ಮೆಟ್ರೋಗೆ ಸೀಮಿತಗೊಳಿಸಿದೆ. ಇಂಥ ಚಿಕ್ಕ ಮಾದರಿ ನಿಲ್ದಾಣಗಳ ಸರಣಿಯನ್ನು ತಾನೇ ಊಹಿಸಿ ತಪ್ಪು ಹೇಳಬಹುದು. ಅದಕ್ಕೇ ಯಶವಂತಪುರದಿಂದ ಮೆಜೆಸ್ಟಿಕ್‌ವರೆಗಿನ ಹಸಿರು ಮಾರ್ಗದ ನಿಲ್ದಾಣಗಳ ಪಟ್ಟಿಯನ್ನು ಮೊದಲೇ ಸೂಚನೆಯಲ್ಲಿ ಬರೆದು ಕೊಟ್ಟಿದ್ದೆ: ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ, ರಾಜಾಜಿನಗರ, ಕುವೆಂಪು ರಸ್ತೆ, ಶ್ರೀರಾಮಪುರ, ಸಂಪಿಗೆ ರಸ್ತೆ, ಮೆಜೆಸ್ಟಿಕ್. ಉತ್ತರ ಸರಿಯೋ ತಪ್ಪೋ ಎಂಬುದನ್ನು ಮಕ್ಕಳೇ ಬೆರಳೆಣಿಸಿ ಹೇಳಬಹುದು.

ಮೊದಲ ಅವಧಿ: ಚೀಟಿಯ ಸರಪಳಿ

ಪೀಠಿಕೆಗೆ ಕಂಪ್ಯೂಟರ್ ತೆರೆಯಲಿಲ್ಲ. ನಾಲ್ವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಮೊದಲನೆಯವಳು ತನ್ನನ್ನು ಕರೆದಾಗ ಮಾತ್ರ ಪಕ್ಕದವಳ ಭುಜ ತಟ್ಟಬೇಕು. ಎರಡನೆಯವಳು ಕೇಳಿದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಯಬೇಕು. ಮೂರನೆಯವನು ಚೀಟಿ ಓದಿ ಉತ್ತರ ಬರೆಯಬೇಕು. ನಾಲ್ಕನೆಯವನು ಅದನ್ನು ಗಟ್ಟಿಯಾಗಿ ಓದಬೇಕು. ಉಳಿದವರು ಗೋಡೆ ಗಡಿಯಾರ ನೋಡಿ, ಪ್ರಶ್ನೆ ಮುಗಿದ ಕ್ಷಣದಿಂದ ಉತ್ತರದ ಮೊದಲ ಶಬ್ದ ಕೇಳುವವರೆಗೆ ಎಷ್ಟು ಹೊತ್ತಾಯಿತು ಎಂದು ಎಣಿಸಬೇಕು.

ಈ ಅಳತೆಯೇ ಪಾಠದ ಮುಖ್ಯ ಬೋಧನಾ ಬಿಂದು. ಕೇಳುಗನಿಗೆ ತಡ ಎನ್ನಿಸುವುದು ಉತ್ತರ ಪೂರ್ತಿ ಮುಗಿಯಲು ತೆಗೆದುಕೊಂಡ ಸಮಯದಿಂದಲ್ಲ. ತಾನು ಮಾತು ನಿಲ್ಲಿಸಿದ ಮೇಲೆ ಮೊದಲ ಸದ್ದು ಬರುವವರೆಗಿನ ಖಾಲಿ ಸಮಯದಿಂದ. ಮನುಷ್ಯರು ಪರಸ್ಪರ ಮಾತನಾಡುವಾಗ ಈ ಖಾಲಿ ಸಮಯ ತೀರಾ ಕಡಿಮೆ. ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿ ನೋಡಿದಾಗ ಸರಾಸರಿ ಸುಮಾರು 0.2 ಸೆಕೆಂಡು ಬಂದಿತ್ತು. ಅಷ್ಟರಮಟ್ಟಿಗೆ ಯಂತ್ರವನ್ನು ತರುವುದು ನಮ್ಮ ಗುರಿಯಾಗಿರಲಿಲ್ಲ. ಆದರೆ ಯಾವ ದಿಕ್ಕಿಗೆ ಹೋಗಬೇಕು ಎಂಬುದು ಮಕ್ಕಳಿಗೆ ತಿಳಿಯಿತು.

ನಂತರ ಲ್ಯಾಪ್‌ಟಾಪ್ ತೆರೆದೆ. ನಾಲ್ಕು ಭಾಗಗಳನ್ನು ಚೀಟಿಯ ಸಾಲಿನಂತೆಯೇ ಒಂದರ ಹಿಂದೆ ಒಂದು ಜೋಡಿಸಿದ್ದೆ. ಒಬ್ಬ ಹುಡುಗಿ ಬಂದು ಕೇಳಿದಳು: “ಹೇ ಜಾರ್ವಿಸ್, ಯಶವಂತಪುರದಿಂದ ಮೆಜೆಸ್ಟಿಕ್ ಎಷ್ಟನೇ ಸ್ಟೇಷನ್?” ತರಗತಿ ಉಸಿರು ಬಿಗಿಹಿಡಿದು ಕೂತಿತ್ತು. ಉತ್ತರ ಬರುವಷ್ಟರಲ್ಲಿ ಹಿಂದಿನಿಂದ ಯಾರೋ, “ಮಿಸ್, ನಡ್ಕೊಂಡೇ ಹೋಗ್ಬೋದಿತ್ತು!” ಅಂದ. ಎಲ್ಲರೂ ನಕ್ಕರು. ಪರದೆಯ ಮೇಲೆ ಪ್ರತಿ ಹಂತದ ಸಮಯ ಮೂಡುವಂತೆ ಮಾಡಿದ್ದೆ. ಅದನ್ನು ಹಲಗೆಯ ಮೇಲೆ ಬರೆದೆವು.

ಮಾತು ಮುಗಿದಿದೆ ಎಂದು ಖಚಿತಪಡಿಸಿಕೊಳ್ಳಲು ಕಾದ ಮೌನ 1.5 ಸೆಕೆಂಡು. ಬರಹಕ್ಕಿಳಿಸಲು 0.9. ಮೂರು ವಾಕ್ಯದ ಉತ್ತರ ರಚಿಸಲು 6.0. ಅದನ್ನು ಧ್ವನಿಯಾಗಿಸಲು 1.8. ಒಟ್ಟು 10.2 ಸೆಕೆಂಡು. ಇವು ನನ್ನ ಲ್ಯಾಪ್‌ಟಾಪಿನ ಅಂಕಿಗಳು. ನಿಮ್ಮ ಯಂತ್ರದಲ್ಲಿ ಬೇರೆ ಬರುತ್ತವೆ, ಹಾಗಾಗಿ ಅಳೆದು ನೋಡದೆ ಯಾವ ಭಾಗವನ್ನೂ ಬದಲಿಸಬೇಡಿ.

ಪಂಕ್ತಿ ಊಟದ ಉಪಾಯ

ಹಲಗೆಯ ಮೇಲಿನ ಲೆಕ್ಕ ತೋರಿಸಿ, “ಇದರಲ್ಲಿ ಯಾರು ಯಾರಿಗಾಗಿ ಸುಮ್ಮನೆ ಕೂತಿದ್ದಾರೆ?” ಎಂದು ಕೇಳಿದೆ. ಓದುವ ಮಾದರಿ ಆರು ಸೆಕೆಂಡು ಏನೂ ಮಾಡದೆ ಕೂತಿದೆ ಎಂಬುದನ್ನು ಒಬ್ಬಳು ಗುರುತಿಸಿದಳು. ಇನ್ನೊಬ್ಬ ಹೇಳಿದ, “ಮಿಸ್, ಮದುವೆ ಊಟದಲ್ಲಿ ಎಲ್ಲಾ ಒಂದೇ ಸಲ ಬಡಿಸಲ್ಲ. ಪಲ್ಯ, ಕೋಸಂಬರಿ ಹಾಕ್ತಾರೆ, ನಾವು ತಿಂತಿರುವಾಗ ಅನ್ನ ಬರುತ್ತೆ.” ನಾನು ಯೋಜಿಸಿದ್ದ ಉದಾಹರಣೆಗಿಂತ ಇದು ಚೆನ್ನಾಗಿತ್ತು.

ಭಾಷಾ ಮಾದರಿ ಉತ್ತರವನ್ನು ಒಮ್ಮೆಲೇ ಕೊಡುವುದಿಲ್ಲ, ತುಣುಕು ತುಣುಕಾಗಿ ಹೊರಹಾಕುತ್ತದೆ. ಆ ತುಣುಕುಗಳನ್ನು ಕೂಡಿಸುತ್ತಾ ಹೋಗಿ, ಒಂದು ವಾಕ್ಯ ಮುಗಿದ ಕೂಡಲೇ ಅದನ್ನು ಓದುವ ಸಾಲಿಗೆ ಕಳಿಸಿದರಾಯಿತು:

```python
buf = ""
for part in ollama.chat(model="gemma3:4b",
                        messages=msgs, stream=True):
    buf += part["message"]["content"]
    if buf.rstrip().endswith((".", "?", "!")):
        say_queue.put(buf.strip())
        buf = ""
if buf.strip():
    say_queue.put(buf.strip())
```

`say_queue` ಎಂಬ ಸಾಲಿನಿಂದ ವಾಕ್ಯಗಳನ್ನು ಎತ್ತಿಕೊಂಡು ಓದುವ ಕೆಲಸ ಬೇರೊಂದು ಥ್ರೆಡ್‌ನಲ್ಲಿ ನಡೆಯುತ್ತದೆ. ಈಗ ಮೊದಲ ವಾಕ್ಯ 1.6 ಸೆಕೆಂಡಿಗೆ ಸಿದ್ಧ, ಅದನ್ನು ಧ್ವನಿಯಾಗಿಸಲು 0.5 ಸೆಕೆಂಡು. ಮೌನದ 1.5, ಬರಹದ 0.9 ಸೇರಿಸಿದರೆ ಒಟ್ಟು 4.5 ಸೆಕೆಂಡು. ಯಾವ ಮಾದರಿಯನ್ನೂ ಬದಲಿಸದೆ, ಯಾವುದನ್ನೂ ವೇಗಗೊಳಿಸದೆ, ಅರ್ಧಕ್ಕಿಂತ ಹೆಚ್ಚು ತಡ ಹೋಯಿತು.

ಪಂಕ್ತಿಯ ಹೋಲಿಕೆಯಲ್ಲೇ ಒಂದು ಎಚ್ಚರಿಕೆಯೂ ಇದೆ. ಎಲೆಯಲ್ಲಿರುವುದು ಮುಗಿಯುವುದರೊಳಗೆ ಮುಂದಿನದು ಬರಬೇಕು. ನಮ್ಮ ಉತ್ತರದಲ್ಲಿ ಮೊದಲ ವಾಕ್ಯ, “ಮೆಜೆಸ್ಟಿಕ್ ಇಲ್ಲಿಂದ ಏಳನೇ ನಿಲ್ದಾಣ.” ಅದನ್ನು ನುಡಿಯಲು 2.3 ಸೆಕೆಂಡು ಬೇಕಾಯಿತು. ಅಷ್ಟರಲ್ಲಿ ಎರಡನೇ ವಾಕ್ಯ ಸಿದ್ಧವಾಗಿ ಕಾಯುತ್ತಿತ್ತು. ಇನ್ನೊಮ್ಮೆ ಕೇಳಿದಾಗ ಮಾದರಿ “ಏಳನೇದು.” ಎಂದು ಒಂದೇ ಪದದ ವಾಕ್ಯದಿಂದ ಶುರುಮಾಡಿತು. ಅರ್ಧ ಸೆಕೆಂಡಿಗೆ ಅದು ಮುಗಿದು, ನಡುವೆ ಖಾಲಿ ಬಿತ್ತು. ಮಕ್ಕಳು ಉತ್ತರ ಮುಗಿಯಿತೆಂದು ಮಾತಿಗಿಳಿದರು. ಆದ್ದರಿಂದ ಸೂಚನೆಯಲ್ಲಿ ‘ಮೊದಲ ವಾಕ್ಯ ನಾಲ್ಕೈದು ಪದದ್ದಿರಲಿ’ ಎಂದು ಸೇರಿಸಿದೆ. ‘ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆ’ ಎಂಬುದನ್ನೂ ಸೇರಿಸಬೇಕಾಯಿತು. ಅಂಕಿಯಲ್ಲಿ ಬರೆದ ‘7ನೇ’ ಎಂಬುದರಲ್ಲಿ ಓದುವ ಮಾದರಿ ಅಂಕಿಯನ್ನು ನುಂಗಿ ‘ನೇ’ ಎಂದಷ್ಟೇ ಹೇಳಿಬಿಡಬಹುದು. ಜೊತೆಗೆ 10.30ರಂಥ ಅಂಕಿಯ ನಡುವಿನ ಚುಕ್ಕಿಯನ್ನು ಮೇಲಿನ ಕೋಡ್ ವಾಕ್ಯದ ಕೊನೆ ಎಂದು ತಿಳಿದುಬಿಡುತ್ತದೆ.

ಕನ್ನಡದಲ್ಲಿ ಉತ್ತರ ನಿಧಾನವಾಗಿ ಹೊರಬರುವುದಕ್ಕೆ ಇರುವ ಒಂದು ಕಾರಣವನ್ನೂ ಇಲ್ಲೇ ತೋರಿಸಬಹುದು:

```python
len("Yeshwanthpur".encode("utf-8"))   # 12
len("ಯಶವಂತಪುರ".encode("utf-8"))      # 24
```

ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್. ಭಾಷಾ ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಕತ್ತರಿಸುತ್ತವೆ. ತರಬೇತಿಯಲ್ಲಿ ಕನ್ನಡ ಕಡಿಮೆ ಇದ್ದಷ್ಟೂ ಕನ್ನಡದ ಪದ ಹೆಚ್ಚು ತುಂಡಾಗುತ್ತದೆ. ಒಂದು ತುಂಡಿಗೆ ಇಷ್ಟು ಹೊತ್ತು ಎಂದಿರುವಾಗ ಅದೇ ಉತ್ತರಕ್ಕೆ ಕನ್ನಡದಲ್ಲಿ ಹೆಚ್ಚು ಹೊತ್ತು. ಹಾಗಾಗಿ ಮೊದಲ ವಾಕ್ಯವನ್ನು ಬೇಗ ಕಳಿಸುವ ಉಪಾಯದಿಂದ ಕನ್ನಡಕ್ಕೆ ಆಗುವ ಲಾಭ ಇಂಗ್ಲಿಷಿಗಿಂತ ದೊಡ್ಡದು.

ನನ್ನ ತಪ್ಪು

4.5 ಸೆಕೆಂಡು ಕಂಡ ಮೇಲೆ ನನಗೆ ಆಸೆ ಹೆಚ್ಚಿತು. ಹಲಗೆಯ ಮೇಲೆ ಎದ್ದು ಕಾಣುತ್ತಿದ್ದದ್ದು ಮೌನದ 1.5. ಅಲ್ಲಿ ಯಾವ ಲೆಕ್ಕಾಚಾರವೂ ನಡೆಯುವುದಿಲ್ಲ, ಯಂತ್ರ ಸುಮ್ಮನೆ ಕಾಯುತ್ತದೆ ಅಷ್ಟೇ. “ಇದನ್ನು 0.5 ಮಾಡೋಣ” ಎಂದು ಮಕ್ಕಳ ಎದುರೇ ಅಂಕಿ ಬದಲಿಸಿದೆ. ಮೊದಲ ಹುಡುಗಿ ಅದೇ ಪ್ರಶ್ನೆ ಕೇಳಿದಳು. 3.5 ಸೆಕೆಂಡಿಗೆ ಉತ್ತರ ಬಂತು. ಚಪ್ಪಾಳೆ.

ಆಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ ಬಂದ. ಅವನ ಮನೆಯವರು ಕಲಬುರಗಿ ಕಡೆಯವರು, ಎಪಿಎಂಸಿ ಯಾರ್ಡಿನಲ್ಲಿ ಕೆಲಸ. ಹುಡುಗ ಮಾತನಾಡುವುದೇ ಕಡಿಮೆ, ಆಡಿದರೂ ಯೋಚಿಸಿ ಯೋಚಿಸಿ ಆಡುವವನು. “ಹೇ ಜಾರ್ವಿಸ್, ಯಶವಂತಪುರದಿಂದ...” ಎಂದು ಒಂದು ಕ್ಷಣ ನಿಂತ. ಯಂತ್ರ ತಕ್ಷಣ, “ಯಶವಂತಪುರದಿಂದ ಎಲ್ಲಿಗೆ ಹೋಗಬೇಕು?” ಎಂದಿತು. ಮತ್ತೆ ಶುರುಮಾಡಿದ: “ಯಶವಂತಪುರದಿಂದ ಮೆಜೆಸ್ಟಿಕ್‌ಗೆ ಹೋಗ್ಬೇಕಂದ್ರ...” ಅಷ್ಟಕ್ಕೇ ಯಂತ್ರ ಮೆಟ್ರೋ ಹತ್ತುವ ಬಗೆ ವಿವರಿಸತೊಡಗಿತು. ಮೂರನೇ ಸಲವೂ ಹಾಗೇ ಆಯಿತು. “ಅದಕ್ಕ ನನ್ನ ಮಾತು ತಿಳಿಯಂಗಿಲ್ರೀ ಮಿಸ್” ಎಂದು ಹೋಗಿ ಕೂತುಬಿಟ್ಟ. ಕೆಲವರು ನಕ್ಕರು. ಗಂಟೆ ಹೊಡೆಯಿತು.

ಪರದೆಯಲ್ಲಿ ಉಳಿದಿದ್ದ ಬರಹ ನೋಡಿದಾಗ ಅವನ ಮಾತು ಯಂತ್ರಕ್ಕೆ ಚೆನ್ನಾಗಿಯೇ ತಿಳಿದಿತ್ತು ಎಂಬುದು ಗೊತ್ತಾಯಿತು. ಅವನು ಹೇಳಿದಷ್ಟನ್ನು ಸರಿಯಾಗಿ ಬರೆದಿತ್ತು. ತಿಳಿಯದೇ ಹೋದದ್ದು ಅವನ ಮಾತು ಇನ್ನೂ ಮುಗಿದಿಲ್ಲ ಎಂಬುದು. ಇಂಥ ದೋಷವನ್ನು ಪತ್ತೆ ಹಚ್ಚುವ ಬಗೆ ಇದೇ: ಬರಹದಲ್ಲಿ ಪದಗಳು ತಪ್ಪಾಗಿದ್ದರೆ ತೊಂದರೆ ಎರಡನೇ ಭಾಗದ್ದು. ಪದಗಳು ಸರಿಯಿದ್ದು ವಾಕ್ಯ ನಡುವೆಯೇ ತುಂಡಾಗಿದ್ದರೆ ತೊಂದರೆ ಮೌನದ ಅಂಕಿಯದ್ದು.

ಪಾಠ ವೀಕ್ಷಿಸುತ್ತಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕಿ ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಎರಡೇ ಸಾಲು. ಆಮೇಲೆ ಮಾತಿನಲ್ಲಿ ವಿವರಿಸಿದರು: “ನೋಡಿ, ಪ್ರಶ್ನೆ ಕೇಳುವ ಕೌಶಲದಲ್ಲಿ ಕಾಯುವ ಸಮಯ ಅಂತ ಓದಿದ್ದೀರಲ್ಲ? ಮೇರಿ ಬಡ್ ರೋ ಅವರದು. ಪ್ರಶ್ನೆ ಕೇಳಿದ ಮೇಲೆ ಕಾಯೋದು ಒಂದು. ಮಗು ಮಾತು ನಿಲ್ಲಿಸಿದ ಮೇಲೆ ಕಾಯೋದು ಇನ್ನೊಂದು. ಎರಡನೇದನ್ನೇ ನೀವು ಅರ್ಧ ಸೆಕೆಂಡಿಗೆ ಇಳಿಸಿದ್ದು.”

1970ರ ದಶಕದಲ್ಲಿ ರೋ ಅಮೆರಿಕದ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಅಭ್ಯಸಿಸಿ ತೋರಿಸಿದ್ದು ನಮಗೆಲ್ಲ ಪಠ್ಯದಲ್ಲಿದೆ: ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರ ಕೊಡದೆ ಕೂರುವವರು ಕಡಿಮೆಯಾಗುತ್ತಾರೆ. ಪರೀಕ್ಷೆಗೆ ನಾನಿದನ್ನು ಬರೆದಿದ್ದೆ. ಯಂತ್ರಕ್ಕೆ ಹೇಳಿಕೊಡುವಾಗ ನೆನಪಾಗಲಿಲ್ಲ.

ಎರಡನೇ ಅವಧಿ: ಕಾಯುತ್ತಲೇ ಕೆಲಸ ಮಾಡುವುದು

ಎರಡು ದಿನದ ನಂತರದ ಅವಧಿಯನ್ನು ಆ ಹುಡುಗನ ವಾಕ್ಯದಿಂದಲೇ ಆರಂಭಿಸಿದೆ. ಅವನು ನಿಂತ ಜಾಗಗಳನ್ನು ಹಲಗೆಯ ಮೇಲೆ ಬರೆದು, “ತಪ್ಪು ನನ್ನದು, ನಾನು ಯಂತ್ರಕ್ಕೆ ಕಾಯುವುದನ್ನು ಬಿಡಿಸಿದ್ದೆ” ಎಂದು ಮೊದಲು ಹೇಳಿದೆ. ನಂತರ ಕೇಳಿದೆ: “ ‘ಯಶವಂತಪುರದಿಂದ’ ಅಂತ ಯಾರಾದರೂ ಹೇಳಿ ನಿಲ್ಲಿಸಿದರೆ, ಅವರ ಮಾತು ಮುಗೀತು ಅನ್ನಿಸುತ್ತಾ?”

“ಇಲ್ಲ” ಎಂದು ಇಡೀ ತರಗತಿ. ಯಾಕೆ ಇಲ್ಲ ಎಂಬುದಕ್ಕೆ ಅವರಿಗೆ ಕನ್ನಡ ವ್ಯಾಕರಣದ ಪಾಠ ನೆನಪಾಯಿತು. ‘ಇಂದ’ ಎಂಬ ವಿಭಕ್ತಿ ಪ್ರತ್ಯಯ ಬಂದರೆ ಮುಂದೆ ಏನೋ ಬರಲೇಬೇಕು. ‘ಗೆ’, ‘ಅಲ್ಲಿ’ ಬಂದರೂ ಅಷ್ಟೇ. ‘ಅಂದರೆ’, ‘ಹೋದರೆ’ ಎಂದಾಗಲೂ ಮಾತು ತೂಗಾಡುತ್ತಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹಾಗಾಗಿ ‘ಇದೆ’, ‘ಬೇಕು’, ‘ಹೋಗುತ್ತೆ’ ಎಂಬವು ಕಿವಿಗೆ ಬಿದ್ದರೆ ವಾಕ್ಯ ದಡ ಮುಟ್ಟಿತೆಂದು ತಿಳಿಯುತ್ತದೆ. ಇಂಗ್ಲಿಷ್ ಪ್ರಶ್ನೆಗಳಿಗೆ ಇಷ್ಟು ಸ್ಪಷ್ಟವಾದ ಕೊನೆಯ ಗುರುತು ಇಲ್ಲ. ಈ ಗುರುತುಗಳನ್ನು ಮಕ್ಕಳೇ ಪಟ್ಟಿ ಮಾಡಿದರು, ನಾನು ಕೋಡ್ ಮಾಡಿದೆ:

```python
ASK  = ("ಎಷ್ಟು", "ಎಲ್ಲಿ", "ಯಾವುದು", "ಏನು", "ಹೇಗೆ")
OPEN = ("ದಿಂದ", "ನಿಂದ", "ಗೆ", "ಕ್ಕೆ", "ಲ್ಲಿ", "ದ್ರೆ", "ದರೆ")
END  = ("ತ್ತೆ", "ದೆ", "ಬೇಕು", "ಹೇಳಿ")

def done(text):
    w = text.split()
    if not w: return False
    if w[-1] in ASK: return True
    if w[-1].endswith(OPEN): return False
    if w[-1].endswith(END): return True
    return len(w) > 1 and w[-2].startswith(("ಎಷ್ಟ", "ಯಾವ"))
```

ಸಾಲುಗಳ ಕ್ರಮ ಮುಖ್ಯ. ‘ಎಲ್ಲಿ’ ಎಂಬುದು ‘ಲ್ಲಿ’ಯಿಂದ, ‘ಹೇಗೆ’ ಎಂಬುದು ‘ಗೆ’ಯಿಂದ ಕೊನೆಯಾಗುತ್ತವೆ. ಪ್ರಶ್ನಾರ್ಥಕ ಪದಗಳನ್ನು ಮೊದಲು ನೋಡದಿದ್ದರೆ ಅವೆಲ್ಲ ‘ಮುಗಿಯದ ಮಾತು’ ಎನಿಸಿಕೊಳ್ಳುತ್ತವೆ. ಇದನ್ನು ಕಂಡುಹಿಡಿದದ್ದು ಒಬ್ಬ ವಿದ್ಯಾರ್ಥಿನಿ, ನಾನಲ್ಲ. ಕೊನೆಯ ಸಾಲು ‘ಎಷ್ಟನೇ ಸ್ಟೇಷನ್’ ಎಂಬಂಥ, ಕ್ರಿಯಾಪದವೇ ಇಲ್ಲದ ಪ್ರಶ್ನೆಗಳಿಗಾಗಿ.

ಆದರೆ ಈ ನಿಯಮ ಬಳಸಬೇಕಾದರೆ ಯಂತ್ರದ ಕೈಯಲ್ಲಿ ಬರಹ ಇರಬೇಕು. ಬರಹಕ್ಕಿಳಿಸಲು 0.9 ಸೆಕೆಂಡು ಬೇಕು. ಮೊದಲು ಕಾದು, ಆಮೇಲೆ ಬರೆದು, ಆಮೇಲೆ ತೀರ್ಮಾನಿಸಿದರೆ ತಡ ಇನ್ನೂ ಹೆಚ್ಚುತ್ತದೆ. ಪಂಕ್ತಿಯ ಉಪಾಯವನ್ನೇ ಇಲ್ಲಿಗೂ ತಂದೆವು: ಕಾಯುವಾಗಲೇ ಬರೆಯುವುದು. 0.4 ಸೆಕೆಂಡು ಮೌನ ಕಂಡ ಕೂಡಲೇ ಅಲ್ಲಿಯವರೆಗಿನ ಮಾತನ್ನು ಬರಹಕ್ಕೆ ಕಳಿಸು, ಆದರೆ ಮೈಕ್ ಮುಚ್ಚಬೇಡ. ಬರಹ ಬಂದಾಗ ಮಾತು ಮುಗಿದಂತಿದ್ದರೆ ಉತ್ತರ ಶುರುಮಾಡು. ಮುಗಿದಂತಿಲ್ಲದಿದ್ದರೆ ಒಟ್ಟು 2.0 ಸೆಕೆಂಡು ಮೌನವಾಗುವವರೆಗೆ ಕಾಯಿ. ಈ ನಡುವೆ ಮಗು ಮತ್ತೆ ಮಾತನಾಡಿದರೆ ಮಾಡಿದ್ದನ್ನು ಎಸೆದು, ಪೂರ್ತಿ ಮಾತನ್ನು ಹೊಸದಾಗಿ ಬರೆ.

ಲೆಕ್ಕ ನೋಡಿ. ಮುಗಿದ ಮಾತಿಗೆ 0.4 ಮೌನ, 0.9 ಬರಹ, 1.6 ಮೊದಲ ವಾಕ್ಯ, 0.5 ಧ್ವನಿ: ಒಟ್ಟು 3.4 ಸೆಕೆಂಡು. ನಾನು ಮೌನವನ್ನು ಕತ್ತರಿಸಿ ಪಡೆದದ್ದು 3.5. ನಿಯಮಕ್ಕೆ ಖಚಿತವಾಗದ ಮಾತಿಗೆ 2.0 ಮೌನ, ಅದರೊಳಗೇ ಬರಹ ಮುಗಿದಿರುತ್ತದೆ, ಮೇಲೆ 1.6 ಮತ್ತು 0.5: ಒಟ್ಟು 4.1. ಎರಡು ಸೆಕೆಂಡು ಕಾದರೂ ಇದು ಮೊದಲಿನ 4.5ಕ್ಕಿಂತ ಕಡಿಮೆ! ಹಲಗೆಯ ಮೇಲೆ ನಾಲ್ಕೂ ಮೊತ್ತಗಳನ್ನು ಒಂದರ ಕೆಳಗೊಂದು ಬರೆದೆವು.

| ಜೋಡಣೆ | ಮೊದಲ ಸದ್ದಿನವರೆಗೆ (ಸೆಕೆಂಡು) | ನಡುವೆ ನಿಂತವನಿಗೆ ಏನಾಗುತ್ತದೆ |
|---|---|---|
| ಒಂದರ ಹಿಂದೆ ಒಂದು | 10.2 | 1.5 ಸೆಕೆಂಡು ಅವಕಾಶ |
| ವಾಕ್ಯ ವಾಕ್ಯವಾಗಿ ಓದುವುದು | 4.5 | 1.5 ಸೆಕೆಂಡು ಅವಕಾಶ |
| ಮೌನ ಕತ್ತರಿಸಿದ್ದು | 3.5 | ಮಾತು ತುಂಡಾಗುತ್ತದೆ |
| ಕಾಯುತ್ತಲೇ ಬರೆಯುವುದು | 3.4 ಅಥವಾ 4.1 | ಮುಗಿಯದ ಮಾತಿಗೆ 2.0 ಸೆಕೆಂಡು ಅವಕಾಶ |

ಆ ಹುಡುಗನನ್ನು ನಾನಾಗಿ ಕರೆಯಲಿಲ್ಲ. ಎರಡು ಮೂರು ಜನ ಪ್ರಯತ್ನಿಸಿದ ಮೇಲೆ ಅವನೇ ಎದ್ದು ಬಂದ. “ಹೇ ಜಾರ್ವಿಸ್, ಯಶವಂತಪುರದಿಂದ... ಮೆಜೆಸ್ಟಿಕ್‌ಗೆ ಹೋಗ್ಬೇಕಂದ್ರ... ಎಷ್ಟನೇದ್ ಸ್ಟೇಷನ್ ರೀ?” ಯಂತ್ರ ಎರಡು ಕಡೆಯೂ ಸುಮ್ಮನಿತ್ತು. ಕೊನೆಗೆ ಏಳನೇ ನಿಲ್ದಾಣ ಎಂದಿತು. ಅವನು ಬೆರಳು ಮಡಚಿ ಎಣಿಸಿ, “ಖರೆ ಅದ” ಎಂದ.

ಅವನ ವಾಕ್ಯದಲ್ಲಿ ನಮ್ಮ ನಿಯಮ ಎರಡು ಕಡೆ ತಿಳಿಯದೆ ನಿಂತಿತ್ತು ಎಂಬುದನ್ನು ತರಗತಿಗೆ ಹೇಳಲೇಬೇಕಿತ್ತು. ನಮ್ಮ ಪಟ್ಟಿಯಲ್ಲಿ ‘ಅಂದ್ರೆ’ ಇದೆ, ಅವನ ‘ಅಂದ್ರ’ ಇಲ್ಲ. ‘ರೀ’ ಕೂಡ ಇಲ್ಲ. ಆದರೂ ಯಂತ್ರ ಅವನ ಬಾಯಿಗೆ ಅಡ್ಡ ಬರಲಿಲ್ಲ, ಏಕೆಂದರೆ ಗುರುತು ಸಿಗದಿದ್ದಾಗ ‘ಮುಗಿದಿಲ್ಲ’ ಎಂದೇ ತಿಳಿ ಎಂದು ಬರೆದಿದ್ದೆವು. ಗುರುತು ಸಿಗದಿದ್ದರೆ 0.7 ಸೆಕೆಂಡು ತಡವಾಗುತ್ತದೆ, ಮಾತು ತುಂಡಾಗುವುದಿಲ್ಲ. ತಪ್ಪು ಯಾವ ಕಡೆಗೆ ಬೀಳಬೇಕು ಎಂಬುದನ್ನು ಮೊದಲೇ ನಿರ್ಧರಿಸುವುದು ಈ ಪಾಠದ ಎರಡನೇ ಬೋಧನಾ ಬಿಂದು. ಪಟ್ಟಿಗೆ ‘ಅಂದ್ರ’ ಸೇರಿಸಿದವನು ಅವನೇ. ನಮ್ಮ ಶಾಲೆಗೆ ಹತ್ತಿರದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ, ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಮಾತನ್ನು ಅವುಗಳ ಉಪಭಾಷೆಗಳ ಸಮೇತ ಸಂಗ್ರಹಿಸಿದ್ದು ಇಂಥ ಕಾರಣಕ್ಕೇ ಎಂದು ಹೇಳಿದಾಗ ಮಕ್ಕಳಿಗೆ ಅದರ ಅರ್ಥ ಆಯಿತು.

ಮಿತಿಗಳು ಮತ್ತು ಸೂಚನೆಗಳು

ನಿಯಮ ಎಲ್ಲ ಕಡೆ ಸಲ್ಲುವುದಿಲ್ಲ. “ಅಲ್ಲಿಗೆ ಎಷ್ಟು...” ಎಂದು ನಿಂತು “ಹೊತ್ತಾಗುತ್ತೆ?” ಎನ್ನುವವನ ಮಾತು ಈಗಲೂ ತುಂಡಾಗಬಹುದು. ‘ಇಲ್ಲದೆ’ ಎಂಬ ಪದವೂ ‘ದೆ’ಯಿಂದ ಕೊನೆಯಾಗುತ್ತದೆ. ಇಂಥವನ್ನು ಹುಡುಕಿ ತರುವುದನ್ನೇ ಮನೆಗೆಲಸವಾಗಿ ಕೊಟ್ಟೆ.

ಪಾಠ ತೆಗೆದುಕೊಳ್ಳುವವರು ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಎಚ್ಚರದ ಪದ ಗುರುತಾದ ಮೇಲೆ ಧ್ವನಿಮುದ್ರಣ ಶುರುವಾಗುವಂತೆ ಮಾಡಿದರೆ ಪ್ರಶ್ನೆಯ ಮೊದಲ ಅಕ್ಷರಗಳು ಹೋಗುತ್ತವೆ. ಬರಹದಲ್ಲಿ ‘ವಂತಪುರದಿಂದ’ ಎಂದು ಕಂಡರೆ ಕಾರಣ ಇದೇ. ಕೊನೆಯ ಅರ್ಧ ಸೆಕೆಂಡಿನ ಧ್ವನಿಯನ್ನು ಸದಾ ನೆನಪಿನಲ್ಲಿಟ್ಟುಕೊಂಡು ಅದನ್ನೂ ಸೇರಿಸಿ ಕಳಿಸಬೇಕು. ಸೆಕೆಂಡಿಗೆ 16,000 ಮಾದರಿಗಳಿರುವ ಧ್ವನಿಯಲ್ಲಿ ಅದು 8,000 ಮಾದರಿಗಳಷ್ಟೇ. ಇನ್ನೊಂದು, ಉತ್ತರ ನುಡಿಯುವಾಗ ಸ್ಪೀಕರ್‌ನ ಸದ್ದು ಮೈಕ್‌ಗೆ ಬಿದ್ದು ಯಂತ್ರ ತನ್ನ ಮಾತಿಗೆ ತಾನೇ ಉತ್ತರಿಸತೊಡಗುತ್ತದೆ. ಆ ಹೊತ್ತು ಮೈಕ್ ನಿಲ್ಲಿಸುವುದು ಸರಳ ದಾರಿ. ಆಗ ಮಕ್ಕಳು ನಡುವೆ ಬಾಯಿ ಹಾಕಲಾಗದು, ಆದರೆ ಈ ಪಾಠಕ್ಕೆ ಅಷ್ಟು ಸಾಕು.

ಮೌಲ್ಯಮಾಪನಕ್ಕೆ ಎರಡು ಪ್ರಶ್ನೆ ಕೇಳಿದೆ. ಒಂದು: ಬರಹದ ಭಾಗ 0.9ರ ಬದಲು 0.3 ಸೆಕೆಂಡಾದರೆ ಕೊನೆಯ ಜೋಡಣೆಯ ಎರಡೂ ಮೊತ್ತಗಳು ಎಷ್ಟಾಗುತ್ತವೆ? ಮುಗಿದ ಮಾತಿಗೆ 2.8 ಆಗುತ್ತದೆ. ಮುಗಿಯದ ಮಾತಿಗೆ 4.1 ಹಾಗೇ ಉಳಿಯುತ್ತದೆ, ಏಕೆಂದರೆ ಆ ಬರಹ ಮೌನದೊಳಗೇ ಅಡಗಿದೆ. ಇದನ್ನು ಸರಿಯಾಗಿ ವಿವರಿಸಿದವರು ಪಾಠದ ಸಾರ ಹಿಡಿದಿದ್ದಾರೆಂದೇ ಅರ್ಥ. ಎರಡು: ಕೊಟ್ಟ ಹತ್ತು ಅರ್ಧ ವಾಕ್ಯಗಳಲ್ಲಿ ಯಾವುದಕ್ಕೆ `done` ತಪ್ಪು ಹೇಳುತ್ತದೆ, ಅದರಿಂದ ತಡವಾಗುತ್ತದೋ ಮಾತು ತುಂಡಾಗುತ್ತದೋ?

ಕೊನೆಯಲ್ಲಿ ಮಾರ್ಗದರ್ಶಕರ ಸಲಹೆಯಂತೆ ಮೊದಲ ಅವಧಿಯ ನನ್ನದೇ ಪಾಠದ ಧ್ವನಿಮುದ್ರಣವನ್ನು ಅದೇ ಗಡಿಯಾರ ಹಿಡಿದು ಕೇಳಿದೆ. ಮಗು ಮಾತು ನಿಲ್ಲಿಸಿದ ಮೇಲೆ ನಾನು ಬಾಯಿ ತೆರೆಯುವವರೆಗಿನ ಸಮಯವನ್ನು ಹತ್ತು ಕಡೆ ಅಳೆದೆ. ಒಂದು ಕಡೆಯೂ ಎರಡು ಸೆಕೆಂಡು ದಾಟಿರಲಿಲ್ಲ.